ನೂಕಿದರು, ನುಗ್ಗಿತು, ಸಾಗಿತು

1994ರ ನವೆಂಬರ್ 23ರಂದು ನಾಗಪುರದಲ್ಲಿ 114 ಜನ ಸತ್ತರು. ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಡೆಯುತ್ತಿತ್ತು. ದನ ಕಾಯುವುದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ಗೋವಾರಿ ಸಮುದಾಯದ ಹತ್ತಾರು ಸಾವಿರ ಮಂದಿ ವಿದರ್ಭದ ಹಳ್ಳಿಗಳಿಂದ ಮೋರ್ಚಾ ಬಂದಿದ್ದರು. ತಮ್ಮನ್ನು ಪರಿಶಿಷ್ಟ ಪಂಗಡವೆಂದು ಒಪ್ಪಬೇಕೆಂಬುದು ಅವರ ಬೇಡಿಕೆ. ಪಂಗಡಗಳ ಪಟ್ಟಿಯಲ್ಲಿ ‘ಗೋಂಡ್ ಗೋವಾರಿ’ ಎಂಬ ಹೆಸರಿದೆ. ಆ ಹೆಸರು ತಮ್ಮದೇ ಎಂದು ಅವರು ಹೇಳುತ್ತಿದ್ದರು, ಅಲ್ಲ ಎಂದು ಸರ್ಕಾರ ಹೇಳುತ್ತಿತ್ತು. ವಿಧಾನ ಭವನ ತಲುಪುವ ಮೊದಲೇ ಪೊಲೀಸರು ಮೋರ್ಚಾವನ್ನು ತಡೆದು ನಿಲ್ಲಿಸಿದರು. ಸಂಜೆಯ ಹೊತ್ತಿಗೆ ರಸ್ತೆಯ ಮೇಲೆ ಹೆಣಗಳಿದ್ದವು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಅಂದು ನಡೆದದ್ದಕ್ಕೆ ಮರಾಠಿಯಲ್ಲಿ ‘ಚೇಂಗರಾಚೇಂಗರಿ’ ಎನ್ನುತ್ತಾರೆ. ಚೇಂಗರಣೇ ಎಂದರೆ ಅದುಮಿಹೋಗುವುದು, ಜಜ್ಜಿಹೋಗುವುದು. ಇಂಗ್ಲಿಷ್ ಪತ್ರಿಕೆಗಳು ‘ಸ್ಟಾಂಪೀಡ್’ ಎಂದು ಬರೆದವು. ಬೆದರಿದ ದನಗಳ ಹಿಂಡು ಒಮ್ಮೆಲೇ ಓಡುವುದಕ್ಕೆ ಹುಟ್ಟಿದ ಪದ ಅದು. ದನ ಕಾಯುವವರ ಸಾವಿಗೆ ದನಗಳ ಓಟದ ಹೆಸರು ಬಿತ್ತು. ಕನ್ನಡದಲ್ಲಿ ಇಂಥ ಸುದ್ದಿಗೆ ‘ಕಾಲ್ತುಳಿತ’ ಎನ್ನುತ್ತೇವೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತಾಗಲೂ ಎಲ್ಲ ತಲೆಬರಹಗಳಲ್ಲಿ ಇದ್ದದ್ದು ಅದೇ ಪದ. ಮೂರು ಪದಗಳು ಒಂದೇ ಘಟನೆಗೆ ಮೂರು ಕಾರಣ ಕೊಡುತ್ತವೆ. ಚೇಂಗರಾಚೇಂಗರಿ ಎಂದರೆ ಒತ್ತಡ ಕೊಂದಿತು, ಸ್ಟಾಂಪೀಡ್ ಎಂದರೆ ಬೆದರಿಕೆ ಕೊಂದಿತು, ಕಾಲ್ತುಳಿತ ಎಂದರೆ ಪಕ್ಕದಲ್ಲಿದ್ದವರ ಕಾಲುಗಳೇ ಕೊಂದವು. ಸಾಕ್ಷಿ ಬಾಯಿ ತೆರೆಯುವ ಮುನ್ನವೇ, ಘಟನೆಗೆ ಹೆಸರಿಟ್ಟವರು ಅರ್ಧ ತೀರ್ಪು ಕೊಟ್ಟಾಗಿರುತ್ತದೆ.

ಆದಿವಾಸಿ ವಿಕಾಸ ಸಚಿವರಾಗಿದ್ದ ಮಧುಕರರಾವ್ ಪಿಚಡ್ ರಾಜೀನಾಮೆ ಕೊಟ್ಟರು. ತನಿಖೆಗೆಂದು ನೇಮಕವಾದ ನ್ಯಾಯಮೂರ್ತಿ ದಾಣಿ ಆಯೋಗ ಸರ್ಕಾರವನ್ನು ದೋಷಿ ಎನ್ನಲಿಲ್ಲ. ನಾಗಪುರದ ಝೀರೋ ಮೈಲ್ ಬಳಿ ಸತ್ತವರ ಸ್ಮಾರಕವಿದೆ, ಸೀತಾಬರ್ಡಿಯ ಮೇಲ್ಸೇತುವೆಗೆ ಗೋವಾರಿ ಹುತಾತ್ಮರ ಹೆಸರಿದೆ. ಹೆಸರಿನ ವಿವಾದವನ್ನು 2018ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಗೋವಾರಿಗಳ ಪರವಾಗಿ ತೀರ್ಮಾನಿಸಿತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಹುತಾತ್ಮರಿದ್ದಾರೆ, ಸ್ಮಾರಕವಿದೆ. ಕೊಂದದ್ದು ಏನು ಎಂಬ ಪ್ರಶ್ನೆಗೆ ಮಾತ್ರ ಎಲ್ಲರೂ ಒಪ್ಪುವ ಉತ್ತರವಿಲ್ಲ.

ಇಂಥ ಘಟನೆಯನ್ನು ಕಥೆಯಾಗಿ, ನಾಟಕವಾಗಿ ಅಥವಾ ವರದಿಯಾಗಿ ಬರೆಯಲು ಕುಳಿತವರಿಗೆ ತಟ್ಟನೆ ಹೊಳೆಯುವ ದಾರಿ, ಮೂವರು ಸಾಕ್ಷಿಗಳಿಂದ ಹೇಳಿಸುವುದು. ದಾರಿ ಒಳ್ಳೆಯದೇ. ಆದರೆ ಅದನ್ನು ಹಿಡಿದವರಲ್ಲಿ ಹೆಚ್ಚಿನವರು ‘ರಾಶೋಮನ್’ ಎಂಬ ಹೆಸರಿನ ನೆರಳಿನಲ್ಲೇ ನಡೆಯುತ್ತಾರೆ, ಅಲ್ಲೇ ತೊಡಕು ಶುರುವಾಗುತ್ತದೆ. ಕುರೊಸಾವ ಅವರ 1950ರ ಆ ಚಿತ್ರಕ್ಕೆ ಕಥೆ ಒದಗಿಸಿದ್ದು ಅಕುತಗಾವ 1922ರಲ್ಲಿ ಬರೆದ ಸಣ್ಣ ಕಥೆ. ಅದರಲ್ಲಿ ಏಳು ಹೇಳಿಕೆಗಳಿವೆ. ಕೊಲೆಗೆ ಸಂಬಂಧಪಟ್ಟ ಮೂವರ ಮಾತೂ, ಸತ್ತವನ ಆತ್ಮದ ಮಾತೂ ಸೇರಿ, ಒಂದಕ್ಕೊಂದು ಹೊಂದುವುದಿಲ್ಲ. ಕೊಂದವನು ನಾನು, ಕೊಂದವಳು ನಾನು, ನನ್ನನ್ನು ನಾನೇ ಕೊಂದುಕೊಂಡೆ ಎಂದು ಮೂವರೂ ಹೇಳುತ್ತಾರೆ. ಅಲ್ಲಿನ ವ್ಯತ್ಯಾಸ ಹುಟ್ಟುವುದು ಆತ್ಮಗೌರವದಿಂದ. ತನ್ನ ಬಗ್ಗೆ ತಾನು ಇಟ್ಟುಕೊಂಡ ಚಿತ್ರಕ್ಕೆ ತಕ್ಕಂತೆ ಪ್ರತಿಯೊಬ್ಬರೂ ಘಟನೆಯನ್ನು ತಿದ್ದುತ್ತಾರೆ. ಓದುಗ ಕೊನೆಗೆ ಕೈಚೆಲ್ಲುತ್ತಾನೆ, ಕಥೆಗೆ ಬೇಕಾದದ್ದೂ ಅದೇ.

ಅದೇ ಅಚ್ಚನ್ನು 114 ಹೆಣಗಳ ಮೇಲೆ ಇಟ್ಟರೆ ಏನಾಗುತ್ತದೆ? ‘ಅವರವರ ಸತ್ಯ ಅವರವರಿಗೆ’ ಎಂಬ ಮಾತು ತತ್ತ್ವದಂತೆ ಕೇಳಿಸಬಹುದು, ಆದರೆ ಅದರ ಲಾಭ ಹೋಗುವುದು ಹೊಣೆ ಹೊರಬೇಕಾದವರಿಗೆ. ಎಲ್ಲ ಹೇಳಿಕೆಗಳೂ ಸಮಾನವಾಗಿ ಅನುಮಾನಾಸ್ಪದ ಎಂದಾದರೆ ಯಾರ ಹೇಳಿಕೆಯ ಮೇಲೂ ಯಾರನ್ನೂ ಏನನ್ನೂ ಕೇಳಲು ಬರುವುದಿಲ್ಲ. ಆದ್ದರಿಂದ ಮೂವರು ಸಾಕ್ಷಿಗಳ ಬರವಣಿಗೆಗೆ ಬೇರೊಂದು ನಿಯಮ ಬೇಕು. ಸಾಕ್ಷಿಗಳು ಭಿನ್ನವಾಗಿ ಮಾತಾಡಬೇಕು, ಆದರೆ ಆ ಭಿನ್ನತೆ ಅವರ ಗುಣದಿಂದಲ್ಲ, ನಿಂತ ಜಾಗದಿಂದ ಹುಟ್ಟಬೇಕು. ಮೂವರೂ ತಮಗೆ ತಿಳಿದಷ್ಟನ್ನು ಪ್ರಾಮಾಣಿಕವಾಗಿ ಹೇಳಿದರೂ ಮಾತು ಹೊಂದಬಾರದು, ಹೊಂದದಿರುವ ಆ ಜಾಗದಲ್ಲೇ ಓದುಗನಿಗೆ ನಿಜ ಸಿಗಬೇಕು.

ಜನಸಂದಣಿಯ ಸಾವಿನಲ್ಲಿ ಇದು ಸಾಧ್ಯವಾಗಲು ಕಾರಣವಿದೆ. ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಇಂಥ ದುರಂತಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಒಂದು ಚದರ ಮೀಟರಿನಲ್ಲಿ ಏಳು ಜನ ಸೇರಿದರೆ ಗುಂಪು ಹೆಚ್ಚುಕಡಿಮೆ ದ್ರವದಂತೆ ವರ್ತಿಸುತ್ತದೆ ಎಂಬುದು ಅವರ ಲೆಕ್ಕ. ಆಮೇಲೆ ಯಾರೂ ತಮ್ಮ ಇಚ್ಛೆಯಿಂದ ಚಲಿಸುವುದಿಲ್ಲ. ಒಂದು ಕಡೆ ಬಿದ್ದ ಒತ್ತಡ ಅಲೆಯಾಗಿ ಇನ್ನೊಂದು ಕಡೆ ತಲುಪುತ್ತದೆ. ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟಿ, ಎಷ್ಟೋ ಸಲ ನಿಂತಲ್ಲೇ. ಫ್ರೂಯಿನ್ ಒತ್ತಿ ಹೇಳಿದ ಇನ್ನೊಂದು ಸಂಗತಿ ಕಥೆಗಾರರಿಗೆ ಇನ್ನೂ ಮುಖ್ಯ. ಗುಂಪಿನ ಮುಂಭಾಗಕ್ಕೂ ಹಿಂಭಾಗಕ್ಕೂ ಮಾತು ಮುಟ್ಟುವುದಿಲ್ಲ. ಮುಂದಿನವರು ಸಾಯುತ್ತಿರುವುದು ಹಿಂದಿನವರಿಗೆ ಗೊತ್ತಾಗುವುದಿಲ್ಲ, ಹಿಂದಿನವರು ಯಾಕೆ ಮುಂದೆ ಬರುತ್ತಿದ್ದಾರೆ ಎಂಬುದು ಮುಂದಿನವರಿಗೆ ಗೊತ್ತಾಗುವುದಿಲ್ಲ. ಒಂದೇ ರಸ್ತೆಯಲ್ಲಿ, ಒಂದೇ ನಿಮಿಷದಲ್ಲಿ ಮೂರು ಬೇರೆ ಘಟನೆಗಳು ನಡೆದಂತೆ.

ಇದನ್ನು ಒಂದು ಮಾದರಿಯಲ್ಲಿ ನೋಡಬಹುದು. ಇಲ್ಲಿ ಬರುವ ಮೂವರು ನಾಗಪುರದವರಲ್ಲ, 1994ರವರೂ ಅಲ್ಲ. ಕೆಲಸದ ರೀತಿ ತೋರಿಸಲೆಂದು ಕಟ್ಟಿದವರು. ಯಾವುದೋ ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಹೊರಟ ಮೆರವಣಿಗೆಯೊಂದನ್ನು ಬ್ಯಾರಿಕೇಡ್ ಹಾಕಿ ತಡೆದಿದ್ದಾರೆ. ಸಂಜೆ ಐದಕ್ಕೆ ನಗರಸಭೆಯ ಸೈರನ್ ಕೂಗುತ್ತದೆ. ಅದರ ಹಿಂದುಮುಂದಿನ ಕೆಲವೇ ನಿಮಿಷಗಳಲ್ಲಿ ಬ್ಯಾರಿಕೇಡ್ ಬಳಿ ಜನ ಸಾಯುತ್ತಾರೆ.

ಮೊದಲನೆಯವಳು ಬ್ಯಾರಿಕೇಡಿಗೆ ಎದೆಯೊಡ್ಡಿ ನಿಂತಿದ್ದ ಹೆಂಗಸು. ಅವಳ ಮಾತು ಹೀಗೆ:

“ಬೆಳಗಿನಿಂದ ರಸ್ತೆ ಮೇಲೇ ಕೂತಿದ್ದೆವು. ಸಾಹೇಬರು ಬರುತ್ತಾರಂತೆ ಅಂದರು, ಎಲ್ಲರೂ ಎದ್ದು ನಿಂತೆವು. ಅಷ್ಟರಲ್ಲಿ ಹಿಂದಿನಿಂದ ನೂಕಿದರು. ಮುಂದೆ ಕಬ್ಬಿಣದ ಬೇಲಿ. ಮಗುವನ್ನು ಮೇಲೆತ್ತೋಣ ಅಂದರೆ ಕೈ ಮೇಲೆ ಬರಲಿಲ್ಲ. ಸೈರನ್ ಕೂಗಿದಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಯಾರೂ ಓಡಲಿಲ್ಲ, ಓಡಲು ಜಾಗ ಎಲ್ಲಿತ್ತು? ಪೊಲೀಸರು ಬೇಲಿ ಆಚೆಯಿಂದ ಹೊಡೆಯುತ್ತಿದ್ದರು.”

ಎರಡನೆಯವನು ಬೇಲಿಯ ಆಚೆ ನಿಂತಿದ್ದ ಕಾನ್‌ಸ್ಟೆಬಲ್:

“ಸೈರನ್ ಆದ ಮೇಲೆ ಗುಂಪು ಒಮ್ಮೆಲೇ ನುಗ್ಗಿತು. ಬ್ಯಾರಿಕೇಡ್ ನಮ್ಮ ಮೇಲೇ ವಾಲಿತು. ಹಿಂದೆ ಸರಿಯಿರಿ ಎಂದು ಎಷ್ಟು ಕೂಗಿದರೂ ಒಬ್ಬರೂ ಸರಿಯಲಿಲ್ಲ. ಆಮೇಲೆ ಲಾಠಿ ಎತ್ತಿದೆವು. ಅದು ಮುರಿದಿದ್ದರೆ ಕಚೇರಿವರೆಗೆ ತಡೆಯಲು ನಮ್ಮಲ್ಲಿ ಜನ ಇರಲಿಲ್ಲ. ಸಾಹೇಬರು ಇವತ್ತು ಬರುವುದಿಲ್ಲ ಎಂದು ನಾಲ್ಕಕ್ಕೇ ವೈರ್‌ಲೆಸ್‌ನಲ್ಲಿ ಬಂದಿತ್ತು. ಅದನ್ನು ಜನರಿಗೆ ಹೇಳುವುದು ನಮ್ಮ ಕೆಲಸ ಅಲ್ಲ.”

ಮೂರನೆಯವನು ತಡವಾಗಿ ಬಂದು ಗುಂಪಿನ ಕೊನೆಯಲ್ಲಿ ಸೇರಿಕೊಂಡವನು:

“ಬಸ್ ಇಳಿದಾಗಲೇ ಹೊತ್ತಾಗಿತ್ತು. ಮುಂದಿನವರೆಲ್ಲ ಎದ್ದರು. ಸಾಹೇಬರು ಬಂದರಂತೆ ಎಂದು ಪಕ್ಕದವರು ಅಂದರು. ಮೆರವಣಿಗೆ ಸಾಗಿತು, ನಾವೂ ನಾಲ್ಕು ಹೆಜ್ಜೆ ಹಾಕಿ ನಿಂತೆವು. ಆಮೇಲೆ ಸೈರನ್ ಕೂಗಿತು. ಅದಾದ ಮೇಲೆ ನಾವು ಅಲುಗಲೇ ಇಲ್ಲ. ನಾವು ಯಾರನ್ನೂ ತಳ್ಳಲಿಲ್ಲ. ಲಾಠಿ ಬೀಸಿದರಂತೆ, ಅದಕ್ಕೇ ಜನ ಸತ್ತರಂತೆ.”

ನೂಕಿದರು, ನುಗ್ಗಿತು, ಸಾಗಿತು. ಒಂದೇ ಚಲನೆಗೆ ಮೂರು ಕ್ರಿಯಾಪದ. ಮೂರೂ ನಿಜ, ಯಾವುದೂ ಪೂರ್ತಿ ನಿಜವಲ್ಲ. ಹೆಂಗಸಿಗೆ ಬೆನ್ನಿನ ಮೇಲೆ ಬಿದ್ದದ್ದು ನೂಕು. ನೂಕಿದ ಮೇಲೆ ನೂಕಿದವರು ಇರಲೇಬೇಕು ಎಂದು ಅವಳ ಭಾಷೆಯೇ ಹೇಳುತ್ತದೆ, ಆದರೆ ಅವಳು ಯಾರನ್ನೂ ಕಂಡಿಲ್ಲ. ಕಾನ್‌ಸ್ಟೆಬಲ್‌ಗೆ ಎದುರಿನಿಂದ ಕಂಡದ್ದು ನುಗ್ಗು. ನುಗ್ಗುವುದಕ್ಕೆ ಉದ್ದೇಶ ಬೇಕು, ಅವನ ವ್ಯಾಕರಣ ಗುಂಪಿಗೆ ಒಂದು ಮನಸ್ಸು ಕೊಟ್ಟುಬಿಟ್ಟಿತು. ಕೊನೆಯವನಿಗೆ ಅದು ಬರಿಯ ಸಾಗುವಿಕೆ, ನಾಲ್ಕು ಹೆಜ್ಜೆ. ಕನ್ನಡದ ‘ನೂಕುನುಗ್ಗಲು’ ಎಂಬ ಪದ ಮೊದಲ ಎರಡನ್ನು ಜೋಡಿಸಿಕೊಂಡಿದೆ. ಮೂರನೆಯದಕ್ಕೆ ಅದರಲ್ಲಿ ಜಾಗವಿಲ್ಲ.

ಈಗ ಓದುಗನ ಕೆಲಸ. ಮೂವರೂ ಕೇಳಿದ್ದು ಒಂದೇ ಒಂದು ಸದ್ದು, ಸೈರನ್. ಅದನ್ನು ಗೂಟದಂತೆ ನೆಟ್ಟುಕೊಂಡರೆ ಘಟನೆಗಳು ಸಾಲಾಗಿ ನಿಲ್ಲುತ್ತವೆ. ಕೊನೆಯವನು ನಡೆದದ್ದು ಸೈರನ್‌ಗೆ ಮೊದಲು. ಹೆಂಗಸಿನ ಕಾಲು ನೆಲ ಬಿಟ್ಟದ್ದೂ ಸೈರನ್‌ಗೆ ಮೊದಲೇ. ಕಾನ್‌ಸ್ಟೆಬಲ್ ಕಂಡ ನುಗ್ಗು ಸೈರನ್ ಆದ ಮೇಲಿನದು. ಆ ಹೊತ್ತಿಗೆ ಹಿಂದಿನವರು ಅಲುಗುತ್ತಲೇ ಇರಲಿಲ್ಲ. ಅಂದರೆ ಅವನು ಕಂಡದ್ದು ಓಡಿಬಂದ ಗುಂಪನ್ನಲ್ಲ, ಆಗಲೇ ಬಿಗಿದುಹೋಗಿದ್ದ ಜನರ ಭಾರಕ್ಕೆ ವಾಲಿದ ಬೇಲಿಯನ್ನು. ‘ಒಬ್ಬರೂ ಸರಿಯಲಿಲ್ಲ’ ಎಂದು ಅವನು ಹಟದ ಲಕ್ಷಣವಾಗಿ ಹೇಳಿದ್ದಕ್ಕೆ ಹೆಂಗಸಿನ ಮಾತು ಬೇರೆ ಅರ್ಥ ಕೊಡುತ್ತದೆ. ಕಾಲು ನೆಲ ಮುಟ್ಟದವರು ಸರಿಯುವುದು ಹೇಗೆ? ಲಾಠಿ ಬಿದ್ದದ್ದು ನಿಜ, ಆದರೆ ಅದು ಬಿದ್ದದ್ದು ಆಗಲೇ ಉಸಿರು ಕಟ್ಟುತ್ತಿದ್ದವರ ಮೇಲೆ. ಲಾಠಿಯಿಂದಲೇ ಜನ ಸತ್ತರು ಎಂಬ ಮೂರನೆಯವನ ಮಾತೂ, ಗುಂಪು ನುಗ್ಗಿದ್ದರಿಂದ ಲಾಠಿ ಎತ್ತಬೇಕಾಯಿತು ಎಂಬ ಎರಡನೆಯವನ ಮಾತೂ ಒಟ್ಟಿಗೇ ಬಿದ್ದುಹೋಗುತ್ತವೆ.

ಹಾಗಾದರೆ ನೂಕಿದ್ದು ಯಾರು? ಉತ್ತರ ಮೂವರಲ್ಲಿ ಯಾರ ಬಾಯಲ್ಲೂ ಇಲ್ಲ, ಆದರೆ ಇಬ್ಬರ ಮಾತಿನ ನಡುವೆ ಇದೆ. ಕೂತವರು ನಿಂತವರಿಗಿಂತ ಹೆಚ್ಚು ಜಾಗ ಹಿಡಿಯುತ್ತಾರೆ. ಬೆಳಗಿನಿಂದ ಕೂತಿದ್ದ ಸಾವಿರಾರು ಜನ ಒಟ್ಟಿಗೆ ಎದ್ದಾಗ ಅವರ ನಡುವೆ ಜಾಗ ತೆರೆಯಿತು. ಹಿಂದಿನವರಿಗೆ ಅದು ದಾರಿ ಬಿಟ್ಟಂತೆ ಕಂಡಿತು, ನಾಲ್ಕು ಹೆಜ್ಜೆ ಹಾಕಿದರು. ಪ್ರತಿ ಸಾಲೂ ನಾಲ್ಕು ಹೆಜ್ಜೆ ಮುಂದೆ ಬಂದಾಗ ಆ ಎಲ್ಲ ಹೆಜ್ಜೆಗಳ ಭಾರ ಹೋಗಿ ನಿಂತದ್ದು ಬೇಲಿಯ ಬಳಿ. ಯಾರೂ ನೂಕಲಿಲ್ಲ, ಅವಳನ್ನು ನೂಕಿದ್ದೂ ಸುಳ್ಳಲ್ಲ. ಎಲ್ಲರೂ ಎದ್ದದ್ದು ಯಾಕೆ? ಸಾಹೇಬರು ಬರುತ್ತಾರಂತೆ ಎಂಬ ಮಾತಿಗೆ. ಅವರು ಬರುವುದಿಲ್ಲ ಎಂದು ಒಂದು ಗಂಟೆ ಮೊದಲೇ ತಿಳಿದಿದ್ದವರು ಬೇಲಿಯ ಆಚೆ ಇದ್ದರು. ಕಾನ್‌ಸ್ಟೆಬಲ್ ಅದನ್ನು ತನ್ನ ಸಮರ್ಥನೆಗೆಂದು ಹೇಳಿದ. ಓದುಗನ ಕೈಯಲ್ಲಿ ಅದೇ ಮಾತು ಪ್ರಶ್ನೆಯಾಗುತ್ತದೆ: ಹೇಳುವುದು ಯಾರ ಕೆಲಸವಾಗಿತ್ತು?

ಮಾದರಿಯಲ್ಲಿ ಗಮನಿಸಬೇಕಾದ್ದು ಎರಡು. ಮೊದಲನೆಯದು, ಗೂಟ ಒಂದೇ ಇದ್ದರೂ ಸಾಕು, ಆದರೆ ಇರಲೇಬೇಕು. ಸೈರನ್ ತೆಗೆದುಹಾಕಿ ಅದೇ ಮೂರು ಹೇಳಿಕೆಗಳನ್ನು ಓದಿದರೆ ಮೊದಲು ಏನು, ಆಮೇಲೆ ಏನು ಎಂದು ಹೇಳಲು ಬರುವುದಿಲ್ಲ, ಬರಹ ಮತ್ತೆ ‘ಅವರವರ ಸತ್ಯ’ದ ಕಡೆ ಜಾರುತ್ತದೆ. ಗೂಟ ಯಾರ ಪಕ್ಷವನ್ನೂ ವಹಿಸದ ವಸ್ತುವಾಗಿರಬೇಕು. ಸದ್ದಾಗಬಹುದು, ಬೀದಿದೀಪ ಹತ್ತಿದ ಹೊತ್ತಾಗಬಹುದು, ಮಳೆಯ ಮೊದಲ ಹನಿಯಾಗಬಹುದು. ಮೂವರೂ ಅದನ್ನು ಬೇರೆ ಕೆಲಸಕ್ಕಾಗಿ ನೆನೆಯಬೇಕು, ಓದುಗನಿಗೆ ಸಮಯ ತಿಳಿಸಲೆಂದು ಅಲ್ಲ. ಎರಡನೆಯದು, ನಿರ್ಣಾಯಕ ಸಂಗತಿಯನ್ನು ಅದರ ಮಹತ್ವ ಗೊತ್ತಿಲ್ಲದವರಿಂದಲೇ ಹೇಳಿಸಬೇಕು. ‘ಎದ್ದು ನಿಂತೆವು’ ಎಂದಾಗ ಹೆಂಗಸಿಗೆ ತಾನು ಕಾರಣ ಹೇಳುತ್ತಿದ್ದೇನೆ ಎಂಬ ಅರಿವಿಲ್ಲ. ಅರಿವಿದ್ದಿದ್ದರೆ ಅದು ಲೇಖಕನ ಮಾತಾಗುತ್ತಿತ್ತು.

ಈ ಮೂರೂ ಹೇಳಿಕೆಗಳಲ್ಲಿ ಹೆಚ್ಚು ಕೆಲಸ ಮಾಡುತ್ತಿರುವ ಸಣ್ಣ ಪದ ‘ಅಂತೆ’. ಕನ್ನಡದಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ಕ್ರಿಯಾಪದದ ಬಾಲದಲ್ಲೇ ವ್ಯತ್ಯಾಸ ತೋರಿಸಬಹುದು. ‘ಬಂದರು’ ಎಂದರೆ ಹೇಳುವವನು ಹೊಣೆ ಹೊರುತ್ತಾನೆ, ‘ಬಂದರಂತೆ’ ಎಂದರೆ ಹೊಣೆಯನ್ನು ಇನ್ನೊಬ್ಬರಿಗೆ ದಾಟಿಸುತ್ತಾನೆ, ‘ಬಂದಿರಬೇಕು’ ಎಂದರೆ ತನ್ನ ಊಹೆ ಎಂದು ಒಪ್ಪಿಕೊಳ್ಳುತ್ತಾನೆ. ಮರಾಠಿಯಲ್ಲೂ ವಾಕ್ಯದ ಕೊನೆಗೆ ‘ಮ್ಹಣೇ’ ಸೇರಿಸಿ ಇದೇ ಕೆಲಸ ಮಾಡುತ್ತಾರೆ. ಇಂಗ್ಲಿಷಿಗೆ ಇಂಥ ಪ್ರತ್ಯಯವಿಲ್ಲ. ಕೇಳಿದ್ದೆಂದು ತಿಳಿಸಲು ಅಲ್ಲಿ ಬೇರೆ ಪದವನ್ನೋ ಇಡೀ ವಾಕ್ಯವನ್ನೋ ಸೇರಿಸಬೇಕು, ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ಸಾಕ್ಷಿ ಮಾತಾಡುವುದು ಒಂದು ಭಾಷೆಯಲ್ಲಿ, ದಾಖಲೆ ಇಂಗ್ಲಿಷಿನಲ್ಲಿ ಎಂಬ ಸ್ಥಿತಿ ಭಾರತದಲ್ಲಿ ಸಾಮಾನ್ಯ. ‘ಲಾಠಿ ಬೀಸಿದರಂತೆ’ ಎಂದದ್ದು ದಾಖಲೆಯಲ್ಲಿ ‘ಲಾಠಿ ಬೀಸಿದರು’ ಆಗಬಹುದು. ಆಮೇಲೆ ವಕೀಲರು ಕೇಳುತ್ತಾರೆ: ನೀನು ನಿಂತ ಜಾಗದಿಂದ ಬೇಲಿ ಕಾಣುತ್ತಿತ್ತೇ? ಇಲ್ಲ. ಹಾಗಾದರೆ ಲಾಠಿ ಬೀಸಿದ್ದನ್ನು ನೋಡಿದ್ದು ಹೇಗೆ? ಸಾಕ್ಷಿ ಸುಳ್ಳುಗಾರನಾಗುತ್ತಾನೆ. ಅವನು ಸುಳ್ಳು ಹೇಳಿರಲೇ ಇಲ್ಲ, ಎರಡಕ್ಷರ ಕಳೆದುಹೋಗಿದ್ದವು ಅಷ್ಟೆ. ಕಂಡದ್ದರ ಬಗ್ಗೆ ಕಂಡವರೇ ಹೇಳಬೇಕು ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಿಂದಲೂ ಇದೆ. ಆ ನಿಯಮ ಕೇಳುವ ವ್ಯತ್ಯಾಸವನ್ನು ಹಳ್ಳಿಯ ಸಾಕ್ಷಿಯ ವ್ಯಾಕರಣ ತಾನಾಗಿಯೇ ಮಾಡಿಕೊಡುತ್ತದೆ, ಬರೆದುಕೊಳ್ಳುವ ಭಾಷೆ ಅದನ್ನು ಅಳಿಸುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇದರಿಂದ ದೊಡ್ಡ ಅನುಕೂಲವಿದೆ. ಸಾಕ್ಷಿ ಎಲ್ಲಿ ನಿಂತಿದ್ದ ಎಂದು ವಿವರಿಸಬೇಕಾಗಿಲ್ಲ, ಅವನ ಕ್ರಿಯಾಪದಗಳೇ ಹೇಳುತ್ತವೆ. ಮಾದರಿಯಲ್ಲಿ ಕಾನ್‌ಸ್ಟೆಬಲ್ ಒಮ್ಮೆಯೂ ‘ಅಂತೆ’ ಎನ್ನುವುದಿಲ್ಲ. ಎಲ್ಲವನ್ನೂ ಕಂಡವನಂತೆ ಮಾತಾಡುತ್ತಾನೆ, ಅಧಿಕಾರದ ಭಾಷೆ ಇರುವುದೇ ಹಾಗೆ. ಆದರೆ ‘ಗುಂಪು ನುಗ್ಗಿತು’ ಎಂಬುದು ಅವನು ಕಂಡದ್ದಲ್ಲ, ವಾಲಿದ ಬೇಲಿಯನ್ನು ನೋಡಿ ಮಾಡಿಕೊಂಡ ಊಹೆ. ‘ನುಗ್ಗಿರಬೇಕು’ ಎಂದಿರಬೇಕಾದಲ್ಲಿ ‘ನುಗ್ಗಿತು’ ಎಂದಿದ್ದಾನೆ. ಓದುಗ ಅವನನ್ನು ಹಿಡಿಯುವುದು ಆ ಒಂದು ಬಾಲದಲ್ಲಿ. ಮೂರನೆಯವನು ತಾನು ಕಾಣದ್ದಕ್ಕೆಲ್ಲ ‘ಅಂತೆ’ ಹಚ್ಚುತ್ತಾನೆ. ಅವನು ತಪ್ಪು ಹೇಳಿದಾಗಲೂ ಪ್ರಾಮಾಣಿಕ ಎಂದು ಅದರಿಂದಲೇ ಗೊತ್ತಾಗುತ್ತದೆ.

ಹೇಳಿಕೆಗಳು ಹೊಂದದಿದ್ದರೆ ಅನುಮಾನ ಪಡುವುದು ನಮ್ಮ ಅಭ್ಯಾಸ. ಹೊಂದಿದಾಗ ಅನುಮಾನ ಪಡಬೇಕು ಎಂದು ಕಲಿಸಿದ್ದು ಇಂಗ್ಲೆಂಡಿನ ಹಿಲ್ಸ್‌ಬರೋ. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಆ ಫುಟ್‌ಬಾಲ್ ಮೈದಾನದಲ್ಲಿ ಪ್ರೇಕ್ಷಕರು ಬೇಲಿಗೆ ಅದುಮಿಹೋದರು. ಒಟ್ಟು 97 ಜನ ಸತ್ತರು. ಅಭಿಮಾನಿಗಳು ಗೇಟು ಮುರಿದು ನುಗ್ಗಿದರು ಎಂದು ಅಂದಿನ ಪೊಲೀಸ್ ಮುಖ್ಯಸ್ಥರು ಆ ಕ್ಷಣವೇ ಹೇಳಿದರು. ಗೇಟು ತೆರೆಯಿರಿ ಎಂದು ಆದೇಶ ಕೊಟ್ಟವರು ಅವರೇ. ಅದನ್ನು ಸುಳ್ಳೆಂದು ಅವರು ಒಪ್ಪಿಕೊಂಡದ್ದು 2015ರಲ್ಲಿ. 2012ರಲ್ಲಿ ಬಂದ ಸ್ವತಂತ್ರ ಸಮಿತಿಯ ವರದಿ ಹೇಳಿದ್ದು ಇನ್ನೂ ಆಘಾತಕಾರಿ. ಪೊಲೀಸರ 164 ಹೇಳಿಕೆಗಳನ್ನು ಗಣನೀಯವಾಗಿ ತಿದ್ದಲಾಗಿತ್ತು. ಅವುಗಳಲ್ಲಿ 116ರಿಂದ ಪೊಲೀಸ್ ಇಲಾಖೆಗೆ ಪ್ರತಿಕೂಲವಾದ ಮಾತುಗಳನ್ನು ತೆಗೆಯಲಾಗಿತ್ತು ಅಥವಾ ಬದಲಿಸಲಾಗಿತ್ತು.

ತೆಗೆದದ್ದು ಯಾವುದನ್ನು ಎಂಬುದು ಬರೆಯುವವರು ನೆನಪಿಡಬೇಕಾದ ಸಂಗತಿ. ಒಬ್ಬೊಬ್ಬ ಕಾನ್‌ಸ್ಟೆಬಲ್ ತಾನು ನಿಂತಲ್ಲಿಂದ ಕಂಡ ಗೊಂದಲವನ್ನು, ಆದೇಶ ಬಾರದ್ದನ್ನು ಬರೆದಿದ್ದ. ಅವು ಒಂದಕ್ಕೊಂದು ಹೊಂದದೆ ಇದ್ದದ್ದು ಅವು ನಿಜವಾಗಿದ್ದರಿಂದ. ತಿದ್ದಿದವರು ಮಾಡಿದ್ದು ಹೊಂದಿಸುವ ಕೆಲಸ. ಮೂವರು ಸಾಕ್ಷಿಗಳ ಕಥೆ ಬರೆಯುವವರೂ ಎರಡನೆಯ ಕರಡಿನಲ್ಲಿ ಇದೇ ತಪ್ಪು ಮಾಡುತ್ತಾರೆ. ಓದುಗನಿಗೆ ಗೊಂದಲವಾದೀತೆಂದು ಅಂಚುಗಳನ್ನು ಉಜ್ಜುತ್ತಾರೆ. ಮೂವರ ಹೇಳಿಕೆಯಲ್ಲೂ ಒಂದೇ ಪದ ಬರತೊಡಗಿದರೆ, ಮೂವರೂ ಒಂದೇ ಕ್ರಮದಲ್ಲಿ ಘಟನೆ ಹೇಳತೊಡಗಿದರೆ ಕರಡು ಕೆಟ್ಟಿತು ಎಂದೇ ಲೆಕ್ಕ. ಹೆಂಗಸಿಗೆ ಅದು ‘ಬೇಲಿ’, ಕಾನ್‌ಸ್ಟೆಬಲ್‌ಗೆ ‘ಬ್ಯಾರಿಕೇಡ್’. ಕೊನೆಯವನು ಅದರ ಹೆಸರನ್ನೇ ಎತ್ತುವುದಿಲ್ಲ, ಅವನಿಗೆ ಅದು ಕಾಣುತ್ತಲೇ ಇರಲಿಲ್ಲ.

ಉಪಭಾಷೆಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪು ನಡೆಯುತ್ತದೆ. ಮರಾಠಿಯಿಂದ ಅಥವಾ ಹಿಂದಿಯಿಂದ ಇಂಥ ಹೇಳಿಕೆಗಳನ್ನು ಕನ್ನಡಕ್ಕೆ ತರುವಾಗ ಹಳ್ಳಿಯ ಹೆಂಗಸಿಗೆ ಕಲಬುರಗಿಯದೋ ಧಾರವಾಡದ್ದೋ ಮಾತು ಕೊಟ್ಟು, ಅಧಿಕಾರಿಗೆ ಗ್ರಾಂಥಿಕ ಕನ್ನಡ ಕೊಡುವುದು ರೂಢಿ. ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ಬೇರೆ: ಕೆಲವು ಓದುಗರಿಗೆ ಹೆಂಗಸಿನ ಮಾತು ತಕ್ಷಣ ಹೃದಯದ್ದೆನಿಸುತ್ತದೆ, ಕೆಲವರಿಗೆ ಅಧಿಕಾರಿಯ ಮಾತು ತಕ್ಷಣ ತೂಕದ್ದೆನಿಸುತ್ತದೆ. ಎರಡೂ ಕಡೆ ಓದುಗ ತೂಗಿ ನೋಡುವ ಕೆಲಸ ಬಿಟ್ಟ. ಕಾನ್‌ಸ್ಟೆಬಲ್ ಕೂಡ ಯಾವುದೋ ಊರಿನವನೇ, ಅವನಿಗೂ ಮನೆಮಾತಿದೆ. ಕೊಡುವುದಾದರೆ ಮೂವರಿಗೂ ಊರಿನ ಮಾತು ಕೊಡಬೇಕು, ಇಲ್ಲವಾದರೆ ಯಾರಿಗೂ ಬೇಡ. ಮಾತಿನ ಸೊಗಡಿನಿಂದ ನಂಬಿಕೆ ಗಳಿಸುವ ಸಾಕ್ಷಿ ತಾನು ಹೇಳುವ ಸಂಗತಿಯಿಂದ ಗಳಿಸಬೇಕಾದ್ದನ್ನು ಕಳೆದುಕೊಳ್ಳುತ್ತಾನೆ.

ಮಾತಾಡುವ ಕ್ರಮವೂ ಹೀಗೇ ಪಕ್ಷಪಾತ ಮಾಡಬಲ್ಲದು. ಕೊನೆಗೆ ಮಾತಾಡಿದವರನ್ನು ಓದುಗ ತೀರ್ಪುಗಾರರೆಂದು ತಿಳಿಯುತ್ತಾನೆ. ರಕ್ಷಿತ್ ಶೆಟ್ಟಿ ಅವರ 2014ರ ‘ಉಳಿದವರು ಕಂಡಂತೆ’ ಮಲ್ಪೆಯ ಒಂದು ಘಟನೆಯನ್ನು ಹಲವರ ಕಣ್ಣಿನಿಂದ ತೋರಿಸಿತು. ಹೆಸರಿನಲ್ಲಿರುವ ‘ಉಳಿದವರು’ ಎಂಬ ಪದ ಎಲ್ಲ ಇಂಥ ಬರಹಗಳಿಗೂ ಸಲ್ಲುತ್ತದೆ. ಮಾತಾಡುವವರು ಯಾವಾಗಲೂ ಉಳಿದವರೇ. ಮಾದರಿಯಲ್ಲಿ ಎಲ್ಲಕ್ಕಿಂತ ಕಡಿಮೆ ಕಂಡವನು ಕೊನೆಗೆ ಬರುತ್ತಾನೆ. ತೀರ್ಪು ಕೊಡಲು ಅವನಿಗೆ ಯೋಗ್ಯತೆ ಇಲ್ಲದ್ದರಿಂದ ಆ ಕೆಲಸ ಓದುಗನ ಮೇಲೇ ಬೀಳುತ್ತದೆ. ಹೆಂಗಸನ್ನು ಕೊನೆಗೆ ಇಟ್ಟಿದ್ದರೆ ಕಣ್ಣೀರು ಬರುತ್ತಿತ್ತು, ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು.

ಈ ರೀತಿಗೆ ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ಸತ್ತವರು ಸಾಕ್ಷಿ ಹೇಳುವುದಿಲ್ಲ. ಒತ್ತಡ ಎಲ್ಲಕ್ಕಿಂತ ಹೆಚ್ಚಿದ್ದ ಜಾಗದಲ್ಲಿ ನಿಂತವರು ಅವರೇ, ಹಾಗಾಗಿ ಘಟನೆಯ ನಡುಮಧ್ಯ ಯಾವಾಗಲೂ ಖಾಲಿಯಾಗಿಯೇ ಉಳಿಯುತ್ತದೆ. ಅಕುತಗಾವ ಸತ್ತವನನ್ನೂ ಮಾತಾಡಿಸಿದ. ನಡೆದ ಘಟನೆಯ ಬಗ್ಗೆ ಬರೆಯುವವರಿಗೆ ಆ ಸ್ವಾತಂತ್ರ್ಯವಿಲ್ಲ. ಎರಡನೆಯ ಮಿತಿ ಇನ್ನೂ ದೊಡ್ಡದು. ಬೀದಿಯಲ್ಲಿ ನಿಂತ ಮೂವರನ್ನೇ ಆರಿಸಿಕೊಂಡರೆ ಬೀದಿಯಲ್ಲಿ ನಡೆದದ್ದಷ್ಟೇ ತಿಳಿಯುತ್ತದೆ. ಎಷ್ಟು ಜನ ಬರುತ್ತಾರೆಂದು ಮೊದಲೇ ಗೊತ್ತಿತ್ತೇ, ರಸ್ತೆಯ ಆ ತುದಿಯನ್ನೇ ಮುಚ್ಚಲು ಹೇಳಿದ್ದು ಯಾರು, ಪಕ್ಕದ ದಾರಿಗಳು ತೆರೆದಿದ್ದವೇ, ಅಹವಾಲು ತೆಗೆದುಕೊಳ್ಳಲು ಯಾರು ಬರಬೇಕಿತ್ತು ಎಂಬ ಪ್ರಶ್ನೆಗಳು ನಿರ್ಧಾರವಾಗುವುದು ಬೇರೆ ಕೋಣೆಯಲ್ಲಿ. ಆ ಕೋಣೆಯಲ್ಲಿದ್ದವರು ಯಾರನ್ನೂ ನೂಕಲಿಲ್ಲ, ಎಲ್ಲಿಗೂ ನುಗ್ಗಲಿಲ್ಲ, ಅವರ ಕಣ್ಣೆದುರು ಯಾರೂ ಸಾಯಲಿಲ್ಲ. ಆದ್ದರಿಂದಲೇ ಅವರು ಸಾಕ್ಷಿಗಳಾಗಿ ಯಾರಿಗೂ ನೆನಪಾಗುವುದಿಲ್ಲ.

ಮೂವರಲ್ಲಿ ಒಬ್ಬರ ಬಾಯಿಂದಲಾದರೂ ಆ ಕೋಣೆಯ ಬಾಗಿಲು ಚೂರು ತೆರೆಯಬೇಕು. ಮಾದರಿಯಲ್ಲಿ ವೈರ್‌ಲೆಸ್ ಸಂದೇಶ ಮಾಡಿದ್ದು ಅದನ್ನೇ. ಹಾಗೆ ತೆರೆಯದಿದ್ದರೆ ಓದುಗ ಎಷ್ಟೇ ಶ್ರದ್ಧೆಯಿಂದ ತುಣುಕು ಜೋಡಿಸಿದರೂ ಕೊನೆಗೆ ಸಿಗುವುದು ‘ದುರದೃಷ್ಟಕರ ಘಟನೆ’ ಎಂಬ ಸರ್ಕಾರಿ ಮಾತು. ನಾಗಪುರದಲ್ಲಿ 1953ರ ಒಪ್ಪಂದದ ಪ್ರಕಾರ ವರ್ಷಕ್ಕೊಂದು ಅಧಿವೇಶನ ನಡೆಯುತ್ತದೆ. ಪ್ರತಿ ಚಳಿಗಾಲವೂ ಮೋರ್ಚಾಗಳು ಬರುತ್ತವೆ, ಭವನಕ್ಕೆ ಮೊದಲೇ ಬ್ಯಾರಿಕೇಡ್ ಬೀಳುತ್ತದೆ, ಜನ ರಸ್ತೆಯ ಮೇಲೆ ಕೂತು ಒಳಗಿನಿಂದ ಯಾರಾದರೂ ಬರಲಿ ಎಂದು ಕಾಯುತ್ತಾರೆ. ಅವರಲ್ಲಿ ಮುಂದಿನ ಸಾಲಿನವರಿಗೂ ಹಿಂದಿನ ಸಾಲಿನವರಿಗೂ ಇವತ್ತಿಗೂ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ.